ಹಳೇ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಯಾಕೆ ಗಂಟೆಗಟ್ಟಲೆ ತೆವಳುತ್ತೆ?

ಪ್ರಶ್ನೆ: ಮನೇಲಿ 2008-09ರ ಡೆಸ್ಕ್‌ಟಾಪ್ ಇದೆ. ಕೋರ್ 2 ಡ್ಯುಯೋ, ಜಿ31 ಬೋರ್ಡ್, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಮುಂದಿನ ಪೋರ್ಟಿಗೆ ಪೆನ್ ಡ್ರೈವ್ ಹಾಕಿ ಲಿನಕ್ಸ್ ಮಿಂಟ್ 22 (ಎಕ್ಸ್‌ಎಫ್‌ಸಿಇ) ಇನ್‌ಸ್ಟಾಲ್ ಮಾಡ್ತಿದ್ದೀನಿ. ಪೂರ್ತಿ ಡಿಸ್ಕ್ ಅಳಿಸಿ ಹಾಕು ಅಂತ ಕೊಟ್ಟಿದ್ದೆ. ಮೂರು ಗಂಟೆ ಮೇಲಾಯ್ತು, ಇನ್ನೂ ಅರ್ಧ ದಾಟಿಲ್ಲ. ಇದೇ ಪೆನ್ ಡ್ರೈವ್ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಕಾಲು ಗಂಟೇಲಿ ಮುಗಿಸಿತ್ತು. ಹೊಸ ಯುಎಸ್‌ಬಿ 3 ಪೆನ್ ಡ್ರೈವ್ ತಗೊಂಡ್ರೆ ಸರಿ ಹೋಗುತ್ತಾ, ಇಲ್ಲ ಎಸ್‌ಎಸ್‌ಡಿನೇ ಹಾಕಬೇಕಾ? ಈಗ ನಡುವೆ ನಿಲ್ಲಿಸಿದ್ರೆ ತೊಂದ್ರೆ ಇದೆಯಾ?

ಉತ್ತರ: ಕೊನೇ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕಂದ್ರೆ ಅದು ತುರ್ತು. ನಿಲ್ಲಿಸಿ, ಏನೂ ಆಗಲ್ಲ. ಡಿಸ್ಕ್‌ನ ಹಳೇ ಡೇಟಾ ಇನ್‌ಸ್ಟಾಲ್ ಶುರುವಾದ ಮೊದಲ ನಿಮಿಷದಲ್ಲೇ ಹೋಯ್ತು, ಈಗ ನಡೀತಿರೋದು ಬರೀ ಫೈಲ್ ಕಾಪಿ. ಮತ್ತೆ ಮೊದಲಿಂದ ಮಾಡಬೇಕು ಅಷ್ಟೇ. ವಿಂಡೋಸ್ ಉಳಿಸಿಕೊಂಡು ಅದರ ಪಾರ್ಟಿಷನ್ ಚಿಕ್ಕದು ಮಾಡುವ ಆಯ್ಕೆ ಕೊಟ್ಟವರು ಮಾತ್ರ ಆ ಚಿಕ್ಕದು ಮಾಡುವ ಹಂತದಲ್ಲಿ ಕರೆಂಟ್ ತೆಗೆಯಬಾರದು. ಅಲ್ಲಿ ಇದ್ದ ಡೇಟಾವನ್ನೇ ಆಚೀಚೆ ಸರಿಸುತ್ತಾ ಇರುತ್ತೆ. ನಿಮ್ಮದು ಆ ಕೇಸ್ ಅಲ್ಲ.

ಆದ್ರೆ ನಿಲ್ಲಿಸೋದಕ್ಕೆ ಮುಂಚೆ ಎರಡು ನಿಮಿಷ ತಡೀರಿ. ನಿಧಾನವಾಗಿ ಓಡ್ತಿರೋ ಹೊತ್ತಿನಲ್ಲೇ ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡೋದು ಸುಲಭ. ಆಮೇಲೆ ಊಹೆ ಮಾಡ್ತಾ ಕೂರಬೇಕಾಗುತ್ತೆ.

ಇನ್‌ಸ್ಟಾಲ್ ಅಂದ್ರೆ ಒಳಗೆ ಏನಾಗ್ತಿದೆ ಗೊತ್ತಾ? ಪೆನ್ ಡ್ರೈವ್‌ನಲ್ಲಿ `filesystem.squashfs` ಅಂತ ಒಂದೇ ಒಂದು ದೊಡ್ಡ ಫೈಲ್ ಇರುತ್ತೆ. ಪೂರ್ತಿ ಸಿಸ್ಟಮ್ಮನ್ನ ಒತ್ತಿ ಒತ್ತಿ ತುಂಬಿರೋ ಫೈಲ್ ಅದು. ಇನ್‌ಸ್ಟಾಲರ್ ಅದರಿಂದ ಒಂದೊಂದೇ ತುಂಡು ಓದುತ್ತೆ, ಪ್ರೊಸೆಸರ್ ಅದನ್ನ ಬಿಚ್ಚುತ್ತೆ, ಬಿಚ್ಚಿದ ಸಾವಿರಾರು ಸಣ್ಣ ಸಣ್ಣ ಫೈಲ್‌ಗಳು ಡಿಸ್ಕ್‌ಗೆ ಹೋಗಿ ಕೂರುತ್ತವೆ. ಈ ಮೂರರಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಉಳಿದೆರಡೂ ಅದಕ್ಕೆ ಕಾಯ್ತಾ ಇರುತ್ತವೆ. ಇದರ ಜೊತೆಗೆ ಇನ್ನೊಂದು ವಿಷಯ ಇದೆ, ಹೆಚ್ಚಿನವರು ಗಮನಿಸಲ್ಲ. ನೀವು ಈಗ ನೋಡ್ತಿರೋ ಡೆಸ್ಕ್‌ಟಾಪ್, ಮೆನು, ಇನ್‌ಸ್ಟಾಲರಿನ ಕಿಟಕಿ ಎಲ್ಲಾ ಓಡ್ತಿರೋದೂ ಅದೇ ಪೆನ್ ಡ್ರೈವ್‌ನ ಅದೇ ಫೈಲ್‌ನಿಂದ. ಸುಮ್ನೆ ಕಾಯೋದು ಬೇಜಾರು ಅಂತ ನಡುವೆ ಫೈರ್‌ಫಾಕ್ಸ್ ತೆಗೆದ್ರೆ ಆ ಫೈರ್‌ಫಾಕ್ಸ್ ಕೂಡ ಅದೇ ದಾರೀಲಿ ಬರಬೇಕು.

ಹಾಗಾಗಿ ಒಂದು ಮೋಟು ಲೆಕ್ಕ ಹೀಗಿದೆ. ಮೆನು ತೆಗೆಯೋದಕ್ಕೇ ಅರ್ಧ ನಿಮಿಷ ಬೇಕಾಗ್ತಿದ್ರೆ ಓದುವ ಕಡೆ ತೊಂದರೆ, ಅಂದ್ರೆ ಪೋರ್ಟ್, ಪೆನ್ ಡ್ರೈವ್ ಅಥವಾ ರ‍್ಯಾಮ್. ಡೆಸ್ಕ್‌ಟಾಪ್ ಚೆನ್ನಾಗೇ ಓಡಿ, ಕಾಪಿ ಶುರುವಾದ ಮೇಲಷ್ಟೇ ಎಳೀತಿದ್ರೆ ಹಾರ್ಡ್ ಡಿಸ್ಕ್ ಮೇಲೆ ಅನುಮಾನ. ಕಾಪಿ ಎಲ್ಲಾ ಮುಗಿದು ಕೊನೆಗೆ ಬಂದು ನಿಂತಿದ್ರೆ ಬಹುತೇಕ ಇಂಟರ್‌ನೆಟ್.

ನಿಮ್ಮ ಕೇಸಲ್ಲಿ ಅದೇ ಪೆನ್ ಡ್ರೈವ್ ಇನ್ನೊಂದು ಕಡೆ ಕಾಲು ಗಂಟೇಲಿ ಕೆಲಸ ಮುಗಿಸಿದೆ. ಅಂದ್ಮೇಲೆ ಹೊಸ ಪೆನ್ ಡ್ರೈವ್‌ಗೆ ಈಗಲೇ ದುಡ್ಡು ಹಾಕಬೇಡಿ. ನನಗೆ ಮೊದಲ ಅನುಮಾನ ಮುಂದಿನ ಪೋರ್ಟ್ ಮೇಲೆ. ಟರ್ಮಿನಲ್ ತೆಗೆದು ಇದನ್ನ ಕೊಡಿ:

```
lsusb -t
```

ಅದರಲ್ಲಿ `Mass Storage` ಅಂತ ಇರುವ ಸಾಲು ಹುಡುಕಿ. ಸಾಲಿನ ಕೊನೆಯಲ್ಲಿ ಒಂದು ಅಂಕಿ ಇರುತ್ತೆ. ತೊಂದರೆ ಇರುವ ಕಂಪ್ಯೂಟರಿನಲ್ಲಿ ಅದು ಹೀಗೆ ಕಾಣುತ್ತೆ:

```
/:  Bus 005.Port 001: Dev 001, Class=root_hub, Driver=uhci_hcd/2p, 12M
    |__ Port 002: Dev 003, If 0, Class=Mass Storage, Driver=usb-storage, 12M
```

ಆ `12M` ಇದೆಯಲ್ಲ, ಅದೇ ಕಳ್ಳ. ಅಲ್ಲಿ `480M` ಇರಬೇಕಿತ್ತು. 12M ಅಂದ್ರೆ ಸೆಕೆಂಡಿಗೆ 12 ಮೆಗಾಬಿಟ್, 1998ರ ಯುಎಸ್‌ಬಿ 1.1ರ ವೇಗ. ಕೈಗೆ ಸಿಗೋದು ಸೆಕೆಂಡಿಗೆ ಸುಮಾರು 1 ಎಂಬಿ. 480M ಅಂದ್ರೆ ಯುಎಸ್‌ಬಿ 2.0, ಅದರಲ್ಲಿ 30 ಎಂಬಿ ಆಸುಪಾಸು ಸಿಗುತ್ತೆ. ಈಗ ಲೆಕ್ಕ ಹಾಕಿ. ಮಿಂಟ್ 22 ಎಕ್ಸ್‌ಎಫ್‌ಸಿಇ ಫೈಲ್ ಹತ್ತಿರ ಹತ್ತಿರ 2.8 ಜಿಬಿ. ಸೆಕೆಂಡಿಗೆ 30 ಎಂಬಿಯಂತೆ ಅಷ್ಟನ್ನೂ ಓದೋದಕ್ಕೆ ಒಂದೂವರೆ ನಿಮಿಷ ಸಾಕು. 1 ಎಂಬಿಯಂತೆ ಆದ್ರೆ ಮುಕ್ಕಾಲು ಗಂಟೆ, ಅದೂ ಒಂದೇ ಸಲ ಮೊದಲಿಂದ ಕೊನೆವರೆಗೆ ನೇರವಾಗಿ ಓದಿದ್ರೆ.

ಆದ್ರೆ ಒಂದೇ ಸಲ ಓದಲ್ಲ. ಇಲ್ಲಿ ನಿಮ್ಮ 2 ಜಿಬಿ ರ‍್ಯಾಮ್ ಕಥೆ ಬರುತ್ತೆ. ಒಮ್ಮೆ ಓದಿದ್ದನ್ನ ಲಿನಕ್ಸ್ ಖಾಲಿ ಇರುವ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತೆ, ಮತ್ತೆ ಬೇಕಾದಾಗ ಅಲ್ಲಿಂದಲೇ ಕೊಡುತ್ತೆ. 2 ಜಿಬಿಯಲ್ಲಿ ಡೆಸ್ಕ್‌ಟಾಪ್, ಇನ್‌ಸ್ಟಾಲರ್, ಡಿಸ್ಕ್‌ಗೆ ಬರೆಯಲು ಕಾದಿರುವ ಫೈಲ್‌ಗಳು ಎಲ್ಲಾ ಕೂತ ಮೇಲೆ ಜಾಗ ಉಳಿಯೋದು ಕಮ್ಮಿ. ಆಗ ಓದಿದ್ದನ್ನ ಬಿಸಾಕುತ್ತೆ, ಸ್ವಲ್ಪ ಹೊತ್ತಿಗೆ ಅದೇ ಬೇಕಾಗುತ್ತೆ, ಮತ್ತೆ ಪೆನ್ ಡ್ರೈವ್‌ಗೆ ಹೋಗುತ್ತೆ. ಒತ್ತಿ ತುಂಬಿರುವ ಫೈಲ್ ಆದ್ದರಿಂದ ಒಂದು ಪುಟ್ಟ ಐಕಾನ್ ಬೇಕಾದ್ರೂ ಅದು ಇರುವ ಇಡೀ ತುಂಡನ್ನೇ ಓದಿ ಬಿಚ್ಚಬೇಕು. ವೇಗದ ಪೋರ್ಟ್ ಆಗಿದ್ರೆ ಇದು ಗೊತ್ತೇ ಆಗ್ತಿರಲಿಲ್ಲ. 12M ಪೋರ್ಟಲ್ಲಿ ಮುಕ್ಕಾಲು ಗಂಟೆಯ ಕೆಲಸ ಮೂರು ನಾಲ್ಕು ಗಂಟೆ ಆಗೋದು ಹೀಗೇ.

ಹಾಗಾದ್ರೆ 2008ರ ಬೋರ್ಡಿನಲ್ಲಿ ಯುಎಸ್‌ಬಿ 1.1 ಯಾಕೆ ಬಂತು ಅಂತ ಕೇಳಬಹುದು. ಜಿ31 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಐಸಿಹೆಚ್7 ಅನ್ನುವ ಚಿಪ್ ಇರುತ್ತೆ. ಅದರಲ್ಲಿ ಎಂಟು ಯುಎಸ್‌ಬಿ ಪೋರ್ಟ್ ಇವೆ, ಪ್ರತಿಯೊಂದರ ಹಿಂದೆಯೂ ಇಬ್ಬರು ಯಜಮಾನರು. ಒಂದು ವೇಗದ ಕಂಟ್ರೋಲರ್, ಲಿನಕ್ಸ್‌ನಲ್ಲಿ ಅದರ ಹೆಸರು `ehci`. ಇನ್ನೊಂದು ನಿಧಾನದ್ದು, `uhci`. ಪೆನ್ ಡ್ರೈವ್ ಚುಚ್ಚಿದ ತಕ್ಷಣ ಎರಡೂ ಕಡೆಯಿಂದ ಒಂದು ಸಣ್ಣ ಸಂಜ್ಞೆ ಹೋಗಿ ಬರಬೇಕು, 'ನನಗೆ ವೇಗದ್ದು ಬರುತ್ತೆ' ಅಂತ. ಅದು ಸರಿಯಾಗಿ ಆಗಲಿಲ್ಲ ಅಂದ್ರೆ ಬೋರ್ಡ್ ದೂರು ಹೇಳಲ್ಲ, ಎರರ್ ತೋರಿಸಲ್ಲ. ಸುಮ್ನೆ ಆ ಪೋರ್ಟನ್ನ ನಿಧಾನದ ಕಂಟ್ರೋಲರಿಗೆ ದಾಟಿಸಿಬಿಡುತ್ತೆ. ಎಲ್ಲಾ ಓಡುತ್ತೆ, ಆದ್ರೆ ಆಮೆ ತರಹ.

ಆ ಸಂಜ್ಞೆ ತಪ್ಪೋದಕ್ಕೆ ಮುಂದಿನ ಪೋರ್ಟ್‌ಗಳು ಹೇಳಿ ಮಾಡಿಸಿದ ಜಾಗ. ಹಿಂದಿನ ಪೋರ್ಟ್‌ಗಳು ನೇರ ಬೋರ್ಡಿಗೇ ಬೆಸೆದಿರುತ್ತವೆ. ಮುಂದಿನವಕ್ಕೆ ಕ್ಯಾಬಿನೆಟ್ ಒಳಗೆ ಒಂದು ತೆಳು ವೈರ್ ಹೋಗಿ ಬೋರ್ಡಿನ ಪಿನ್‌ಗಳಿಗೆ ಸಿಕ್ಕಿಸಿರುತ್ತಾರೆ. ಕಡಿಮೆ ಬೆಲೆಯ ಕ್ಯಾಬಿನೆಟ್ಟುಗಳಲ್ಲಿ ಆ ವೈರ್‌ಗೆ ಸರಿಯಾದ ಹೊದಿಕೆ ಇರಲ್ಲ, ಹತ್ತು ಹದಿನೈದು ವರ್ಷದ ಧೂಳು ಬೇರೆ. ಮೌಸ್, ಕೀಬೋರ್ಡ್‌ಗೆ ಅಷ್ಟು ಸಾಕು, ಅವು ಹೇಗೂ ನಿಧಾನದ ಸಾಧನಗಳೇ. ಅದಕ್ಕೇ 'ಪೋರ್ಟ್ ಚೆನ್ನಾಗೇ ಇದೆ, ಮೌಸ್ ಓಡುತ್ತಲ್ಲ' ಅನ್ನೋ ಮಾತಿಗೆ ಅರ್ಥ ಇಲ್ಲ.

ಹಿಂದಿನ ಪೋರ್ಟಿಗೆ ಹಾಕಿ. ಮಧ್ಯೆ ಹಬ್ ಬೇಡ, ಎಕ್ಸ್‌ಟೆನ್ಷನ್ ವೈರ್ ಬೇಡ. ಲೈವ್ ಡೆಸ್ಕ್‌ಟಾಪ್ ಓಡ್ತಿರುವಾಗ ಕಿತ್ತು ಬದಲಾಯಿಸಬೇಡಿ, ಅದರ ಕಾಲಡಿಯ ನೆಲವನ್ನೇ ಎಳೆದ ಹಾಗೆ ಆಗುತ್ತೆ. ಮೊದಲು ಶಟ್‌ಡೌನ್ ಮಾಡಿ, ಪೋರ್ಟ್ ಬದಲಾಯಿಸಿ, ಆಮೇಲೆ ಬೂಟ್ ಮಾಡಿ. ಮತ್ತೆ `lsusb -t` ನೋಡಿ. ಇನ್ನೊಂದು ಖಾತ್ರಿ ಬೇಕಿದ್ರೆ:

```
sudo dmesg | grep -i "speed usb"
```

`new high-speed USB device` ಅಂತ ಬಂದ್ರೆ ಸರಿ. ನಿಮ್ಮ ಪೆನ್ ಡ್ರೈವ್‌ಗೆ `new full-speed` ಅಂತ ಬಂದ್ರೆ ಅದೇ 12M. ಹೆಸರು ನೋಡಿ ಮೋಸ ಹೋಗಬೇಡಿ, ಯುಎಸ್‌ಬಿ ಭಾಷೇಲಿ ಫುಲ್ ಸ್ಪೀಡ್ ಅಂದ್ರೆ ನಿಧಾನದ್ದು, ಹೈ ಸ್ಪೀಡ್ ಅಂದ್ರೆ 480.

ಹಿಂದಿನ ಯಾವ ಪೋರ್ಟಿಗೆ ಹಾಕಿದ್ರೂ 12M ಬರ್ತಿದ್ರೆ ಬಯೋಸ್‌ಗೆ ಹೋಗಿ. ಆ ಕಾಲದ ಬೋರ್ಡುಗಳಲ್ಲಿ `USB 2.0 Controller` ಅಂತಲೋ `USB 2.0 Controller Mode` ಅಂತಲೋ ಒಂದು ಸೆಟ್ಟಿಂಗ್ ಇರುತ್ತೆ. ಅದು `Disabled` ಅಥವಾ `FullSpeed` ಆಗಿ ಕೂತಿದ್ರೆ ವೇಗದ ಕಂಟ್ರೋಲರ್ ಮಲಗಿದೆ ಅಂತ ಅರ್ಥ. `Enabled` ಅಥವಾ `HiSpeed` ಮಾಡಿ ಸೇವ್ ಮಾಡಿ. ಬೋರ್ಡಿನ ಬ್ಯಾಟರಿ ಸತ್ತಿದ್ರೆ ನೀವು ಬದಲಾಯಿಸಿದ್ದು ಕರೆಂಟ್ ತೆಗೆದ ತಕ್ಷಣ ಮತ್ತೆ ಹಳೇದಕ್ಕೆ ಹೋಗುತ್ತೆ. ಗಡಿಯಾರ ಪ್ರತಿ ಸಲ ತಪ್ಪು ತಾರೀಖು ತೋರಿಸ್ತಿದ್ರೆ ಮೊದಲು ಆ ನಾಣ್ಯದಂಥ ಬ್ಯಾಟರಿ, ಸಿಆರ್2032, ಬದಲಾಯಿಸಿ.

ಬೂಟ್ ಆಗುವ ಮೊದಲ ಒಂದೆರಡು ನಿಮಿಷ ನಿಧಾನ ಅಂತ ಗಾಬರಿ ಆಗಬೇಡಿ. ಕರ್ನಲ್ ಬರುವವರೆಗೆ ಪೆನ್ ಡ್ರೈವ್ ಓದೋದು ಬಯೋಸ್‌ನ ಹಳೇ ಕೋಡ್, ಎಷ್ಟೋ ಬೋರ್ಡುಗಳಲ್ಲಿ ಅದು ಪೋರ್ಟ್ ಎಷ್ಟೇ ವೇಗದ್ದಿದ್ರೂ ಎಳೆದಾಡುತ್ತೆ. ಕರ್ನಲ್ ಕೈಗೆ ತಗೊಂಡ ಮೇಲೆ ಹೇಗೆ ಓಡುತ್ತೆ ಅನ್ನೋದೇ ಲೆಕ್ಕ.

ಈಗ ಪೆನ್ ಡ್ರೈವ್ ವಿಷಯ. ಅಂಗಡೀಲಿ ಡಬ್ಬದ ಮೇಲೆ ದೊಡ್ಡದಾಗಿ ಹಾಕಿರೋ ಅಂಕಿ ಸಾಲಾಗಿ ಓದುವ ವೇಗ. ನಮಗೆ ಇಲ್ಲಿ ಬೇಕಾಗಿರೋದು ಅಲ್ಲಲ್ಲಿ ಚದುರಿದ ಸಣ್ಣ ತುಂಡುಗಳನ್ನ ಹುಡುಕಿ ಓದುವ ವೇಗ, ಅದನ್ನ ಯಾರೂ ಡಬ್ಬದ ಮೇಲೆ ಬರೆಯಲ್ಲ. ಬರೆಯುವ ವೇಗವಂತೂ ಇನ್‌ಸ್ಟಾಲ್‌ಗೆ ಲೆಕ್ಕಕ್ಕೇ ಇಲ್ಲ. ಪೆನ್ ಡ್ರೈವ್ ತಯಾರು ಮಾಡುವಾಗ ಇಪ್ಪತ್ತು ನಿಮಿಷ ಹಿಡೀತು ಅಂದ ಮಾತ್ರಕ್ಕೆ ಇನ್‌ಸ್ಟಾಲ್ ಕೂಡ ನಿಧಾನ ಆಗಬೇಕು ಅಂತೇನಿಲ್ಲ. ಪರ್ಸಿಸ್ಟೆನ್ಸ್ ಹಾಕಿ ಪೆನ್ ಡ್ರೈವ್ ಮಾಡಿಕೊಂಡಿದ್ರೆ ಮಾತ್ರ ಡೆಸ್ಕ್‌ಟಾಪ್ ಅದಕ್ಕೇ ಬರೀತಾ ಇರುತ್ತೆ, ಆಗ ಎಲ್ಲವೂ ಕೆಡುತ್ತೆ. ಇನ್‌ಸ್ಟಾಲ್ ಮಾಡೋದಕ್ಕೆ ಪರ್ಸಿಸ್ಟೆನ್ಸ್ ಬೇಡವೇ ಬೇಡ.

ಯುಎಸ್‌ಬಿ 3 ಪೆನ್ ಡ್ರೈವ್ ನಿಮ್ಮ ಬೋರ್ಡಿನಲ್ಲಿ 480M ಮೀರಿ ಓಡಲ್ಲ, ಪೋರ್ಟ್‌ನ ಮಿತಿ ಅದು. ಆದ್ರೂ ಪೂರ್ತಿ ದಂಡ ಅಂತಲ್ಲ, ಒಳ್ಳೇ ಯುಎಸ್‌ಬಿ 3 ಡ್ರೈವ್‌ನ ಒಳಗಿನ ಚಿಪ್ ಚೆನ್ನಾಗಿರುತ್ತೆ, ಸಣ್ಣ ತುಂಡುಗಳನ್ನ ಬೇಗ ಕೊಡುತ್ತೆ. ಮೊದಲು ಇರುವುದನ್ನೇ ಅಳೆಯಿರಿ. ನಿಮ್ಮ ಪೆನ್ ಡ್ರೈವ್ `sdb` ಆಗಿದ್ರೆ (`lsblk` ಕೊಟ್ಟು ಖಾತ್ರಿ ಮಾಡಿಕೊಳ್ಳಿ):

```
sudo hdparm -t /dev/sdb
```

ಸೆಕೆಂಡಿಗೆ 20ರಿಂದ 35 ಎಂಬಿ ಬಂದ್ರೆ ಹಳೇ ಪೋರ್ಟಿಗೆ ಅದು ಸಾಕು. `lsusb`ನಲ್ಲಿ 480M ತೋರಿಸ್ತಿದ್ದೂ ಇಲ್ಲಿ 5-6 ಎಂಬಿ ಬರ್ತಿದ್ರೆ ಆಗ ಪೆನ್ ಡ್ರೈವ್ ಬದಲಾಯಿಸಿ. ಇನ್ನು ಕೆಲವರು ಯುಎಸ್‌ಬಿ 3 ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ತಂದು ಹಾಕ್ತಾರೆ. ಲಿನಕ್ಸ್ ಬಂದ ಮೇಲೆ ಅದು ಚೆನ್ನಾಗಿ ಓಡುತ್ತೆ, ಆದ್ರೆ ಹಳೇ ಬಯೋಸ್‌ಗೆ ಆ ಕಾರ್ಡ್ ಇದೆ ಅನ್ನೋದೇ ಗೊತ್ತಾಗಲ್ಲ. ಅದರಲ್ಲಿ ಹಾಕಿದ ಪೆನ್ ಡ್ರೈವ್‌ನಿಂದ ಬೂಟ್ ಆಗಲ್ಲ. ಇನ್‌ಸ್ಟಾಲ್ ವೇಗಕ್ಕೆ ಅಂತ ಅದನ್ನ ತರಬೇಡಿ.

ಪೋರ್ಟ್ ಸರಿ ಇದೆ, ಪೆನ್ ಡ್ರೈವ್ ಸರಿ ಇದೆ, ಆದ್ರೂ ತೆವಳ್ತಿದೆ ಅಂದ್ರೆ ಹಾರ್ಡ್ ಡಿಸ್ಕ್. ಇಲ್ಲಿ ಎರಡು ಬೇರೆ ಬೇರೆ ನಿಧಾನ ಇವೆ, ಅವನ್ನ ಒಂದೇ ಅಂದುಕೊಂಡ್ರೆ ಕಷ್ಟ.

ಒಂದು, ಅದರ ಹುಟ್ಟುಗುಣ. 7200 ಸುತ್ತಿನ ಡಿಸ್ಕ್‌ನಲ್ಲಿ ತಲೆ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ, ಬೇಕಾದ ಭಾಗ ತಿರುಗಿ ಕೆಳಗೆ ಬರುವವರೆಗೆ ಕಾಯೋದಕ್ಕೆ 13 ಮಿಲಿಸೆಕೆಂಡ್ ಆಸುಪಾಸು ಬೇಕು. ಅಂದ್ರೆ ಚದುರಿದ ಕೆಲಸ ಸೆಕೆಂಡಿಗೆ 75ರಷ್ಟು, ಅದಕ್ಕಿಂತ ಜಾಸ್ತಿ ಇಲ್ಲ. ಕರ್ನಲ್ ಬುದ್ಧಿ ಉಪಯೋಗಿಸಿ ಸಣ್ಣ ಫೈಲ್‌ಗಳನ್ನ ಒಟ್ಟು ಸೇರಿಸಿ ಬರೆಯುತ್ತೆ, ಹಾಗಾಗಿ ಕಾಪಿ ಹಂತ ಅಷ್ಟೇನೂ ಕೆಟ್ಟದಾಗಿರಲ್ಲ. ಕಾಪಿ ಆದ ಮೇಲೆ ಪ್ಯಾಕೇಜ್ ಸೇರಿಸೋದು, ತೆಗೆಯೋದು ನಡೆಯುತ್ತಲ್ಲ, ಆಗ ಪ್ರತಿ ಹೆಜ್ಜೆಗೂ 'ಡಿಸ್ಕ್ ಮೇಲೆ ಬಿತ್ತಾ?' ಅಂತ ಕೇಳಿ ಕಾಯುತ್ತೆ. ಹಾರ್ಡ್ ಡಿಸ್ಕ್ ಗರ್ ಗರ್ ಅನ್ನೋದು ಆಗಲೇ. ಎಸ್‌ಎಸ್‌ಡಿಯಲ್ಲಿ ತಲೆಯೂ ಇಲ್ಲ, ತಿರುಗೋದೂ ಇಲ್ಲ, ಅದು ಇದೇ ಕೆಲಸವನ್ನ ಸೆಕೆಂಡಿಗೆ ಸಾವಿರಗಟ್ಟಲೆ ಮಾಡುತ್ತೆ. ಹಳೇ ಸಾಟಾ ಪೋರ್ಟ್‌ಗೆ ಹೊಸ ಎಸ್‌ಎಸ್‌ಡಿ ವೇಸ್ಟ್ ಅಂತ ಹೇಳುವವರ ಮಾತು ಕೇಳಬೇಡಿ. ನಿಮ್ಮ ಪೋರ್ಟ್ ಅದರ ಸಾಲು ಓದಿನ ವೇಗವನ್ನ ಅರ್ಧಕ್ಕೆ ಇಳಿಸಬಹುದು, ನಿಜ. ನಿಮಗೆ ಬೇಕಾಗಿರೋದು ಚದುರಿದ ಓದು, ಅದಕ್ಕೆ ಪೋರ್ಟ್ ಅಡ್ಡ ಬರಲ್ಲ. ಬಯೋಸ್‌ನಲ್ಲಿ ಎಎಚ್‌ಸಿಐ ಆಯ್ಕೆ ಸಿಗಲಿಲ್ಲ ಅಂದ್ರೂ ತಲೆ ಕೆಡಿಸಿಕೊಳ್ಳಬೇಡಿ, ಸಾದಾ ಐಸಿಹೆಚ್7ನಲ್ಲಿ ಅದು ಇಲ್ಲವೇ ಇಲ್ಲ. ಐಡಿಇ ಮೋಡಿನಲ್ಲೇ ಎಸ್‌ಎಸ್‌ಡಿ ಓಡುತ್ತೆ.

ಎರಡನೇದು ರೋಗ. ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್ ಇದ್ರೆ ಅದು ಮೌನವಾಗಿ ಮತ್ತೆ ಮತ್ತೆ ಪ್ರಯತ್ನ ಮಾಡ್ತಾ ಇರುತ್ತೆ. ಕರ್ನಲ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತೆ, ಆಮೇಲೆ ಡಿಸ್ಕ್ ಲಿಂಕನ್ನ ರೀಸೆಟ್ ಮಾಡಿ ಮತ್ತೆ ಕೇಳುತ್ತೆ. ಇಂಥ ಹತ್ತಾರು ಜಾಗ ಸಿಕ್ಕಿದ್ರೆ ಸಾಕು, ಗಂಟೆಗಳು ಕರಗಿ ಹೋಗುತ್ತವೆ. ಗುರುತು ಏನಂದ್ರೆ, ಎಲ್ಲವೂ ಸಮವಾಗಿ ನಿಧಾನ ಆಗಿರಲ್ಲ. ಸ್ವಲ್ಪ ಓಡುತ್ತೆ, ಪೂರ್ತಿ ನಿಲ್ಲುತ್ತೆ, ಮತ್ತೆ ಓಡುತ್ತೆ. ಇನ್‌ಸ್ಟಾಲ್ ನಡೀತಿರುವಾಗ ಇದನ್ನ ಕೊಟ್ಟು ನೋಡ್ತಾ ಕೂತ್ಕೊಳ್ಳಿ:

```
vmstat 1
```

ಇದರಲ್ಲಿ ಮೂರು ಕಾಲಂ ನೋಡಿದ್ರೆ ಸಾಕು. `bi` ಅಂದ್ರೆ ಒಳಗೆ ಓದಿದ್ದು, `bo` ಹೊರಗೆ ಬರೆದದ್ದು, ಎರಡೂ ಸೆಕೆಂಡಿಗೆ ಇಷ್ಟು ಕೆಬಿ ಅಂತ. `wa` ಪ್ರೊಸೆಸರ್ ಕೈಕಟ್ಟಿ ಕಾಯ್ತಿರೋ ಪ್ರಮಾಣ. `bi` ನಿಂತಲ್ಲೇ ನಿಂತ ಹಾಗೆ 1000ದ ಹತ್ತಿರ ಓಡ್ತಿದೆ, `wa` ಮೇಲಿದೆ ಅಂದ್ರೆ ಅದೇ 12M ಪೋರ್ಟ್. `bo` ಅಲೆ ಅಲೆಯಾಗಿ ಬರೋದು ಸಹಜ, ಕರ್ನಲ್ ಗುಡ್ಡೆ ಹಾಕಿ ಬರೆಯುತ್ತೆ. ಆದ್ರೆ `bi`, `bo` ಎರಡೂ ಹತ್ತಿಪ್ಪತ್ತು ಸೆಕೆಂಡ್ ಸೊನ್ನೆಯಾಗಿ, `wa` ಮಾತ್ರ ಮೇಲೇ ಇದ್ರೆ ಡಿಸ್ಕ್ ಒದ್ದಾಡ್ತಿದೆ. ಆಗ `sudo dmesg -w` ತೆಗೆದಿಟ್ಟರೆ `I/O error` ಸಾಲುಗಳು ಕಣ್ಣೆದುರೇ ಬೀಳುತ್ತವೆ.

ಖಾತ್ರಿ ಮಾಡಿಕೊಳ್ಳೋದಕ್ಕೆ ಮಿಂಟ್‌ನಲ್ಲೇ ಇರುವ `Disks` ತೆಗೀರಿ, ಡಿಸ್ಕ್ ಆರಿಸಿ, ಮೂರು ಚುಕ್ಕಿ ಮೆನುವಿನಲ್ಲಿ `SMART Data` ನೋಡಿ. ಉದ್ದ ಪಟ್ಟಿ ಬರುತ್ತೆ, ಎಲ್ಲಾ ಬೇಡ. 5 ಮತ್ತು 197ನೇ ಸಾಲುಗಳು ಕೆಟ್ಟ ಸೆಕ್ಟರ್‌ಗಳ ಲೆಕ್ಕ. 5ರಲ್ಲಿ ಒಂದೆರಡು ಇದ್ದು, ವರ್ಷಗಳಿಂದ ಅಷ್ಟೇ ನಿಂತಿದ್ರೆ ಪರವಾಗಿಲ್ಲ. 197ರಲ್ಲಿ ಸೊನ್ನೆ ಬಿಟ್ಟು ಏನೇ ಇದ್ರೂ, ಅದರಲ್ಲೂ ದಿನದಿಂದ ದಿನಕ್ಕೆ ಏರ್ತಿದ್ರೆ, ಆ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಬೇಡಿ. 199 ಮಾತ್ರ ಏರಿದ್ರೆ ಡಿಸ್ಕ್ ಬೈಬೇಡಿ, ಅದು ಹೆಚ್ಚಾಗಿ ಸಾಟಾ ಕೇಬಲ್‌ನ ದೋಷ. ಕೇಬಲ್ ಬದಲಾಯಿಸಿದ ಮೇಲೆ ಆ ಅಂಕಿ ಇಳಿಯಲ್ಲ, ಏರೋದು ನಿಂತ್ರೆ ಸಾಕು.

ಇಂಟರ್‌ನೆಟ್ ವಿಷಯ ಚಿಕ್ಕದು. ಮೀಡಿಯಾ ಕೋಡೆಕ್ ಹಾಕು ಅನ್ನುವ ಟಿಕ್ ತೆಗೆಯಿರಿ, ನೆಟ್ ವೈರ್ ಕಿತ್ತಿಡಿ. ಇಲ್ಲದಿದ್ರೆ ಕಾಪಿ ಮುಗಿದ ಮೇಲೆ ಭಾಷೆ ಪ್ಯಾಕ್, ಕೋಡೆಕ್ ಅಂತ ಡೌನ್‌ಲೋಡ್ ಶುರುಮಾಡುತ್ತೆ, ನೆಟ್ ನಿಧಾನ ಇದ್ರೆ ಅಲ್ಲೇ ಕೂರುತ್ತೆ. ಅವನ್ನೆಲ್ಲ ಆಮೇಲೆ ಆರಾಮಾಗಿ ಹಾಕಿಕೊಳ್ಳಬಹುದು.

ಈಗ ನಿಮ್ಮ ಕಂಪ್ಯೂಟರಿಗೆ ಇದನ್ನೇ ಹಾಕಿ ನೋಡೋಣ. ಮುಂದಿನಿಂದ ಹಿಂದಿನ ಪೋರ್ಟಿಗೆ ಬಂದು 480M ಸಿಕ್ಕಿತು, ಡಿಸ್ಕ್ ಆರೋಗ್ಯವಾಗಿದೆ ಅಂದುಕೊಂಡ್ರೆ ಅರ್ಧ ಗಂಟೆ, ಮುಕ್ಕಾಲು ಗಂಟೇಲಿ ಮುಗೀಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಎಸ್‌ಎಸ್‌ಡಿ ಹಾಕಿದ್ರೆ ಹೆಚ್ಚುಕಮ್ಮಿ ಅದರ ಅರ್ಧ ಸಾಕು, ಆಗ ಕಾಯೋದು ನಿಮ್ಮ ಪ್ರೊಸೆಸರ್ ಬಿಚ್ಚುವ ವೇಗಕ್ಕೆ. ಆದ್ರೆ ಪೋರ್ಟ್ 12Mನಲ್ಲೇ ಇಟ್ಟು ಎಸ್‌ಎಸ್‌ಡಿ ಹಾಕಿದ್ರೆ ಈಗಿನ ಮೂರು ಗಂಟೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಳಿಯಲ್ಲ. ಆಮೇಲೆ 'ಎಸ್‌ಎಸ್‌ಡಿ ಹಾಕಿದ್ರೂ ಅಷ್ಟೇ' ಅಂತ ಅದನ್ನ ಬೈತೀರಿ. ಇನ್‌ಸ್ಟಾಲ್ ಒಂದು ಸಲದ ಕೆಲಸ, ದಿನಾ ಬಳಸುವಾಗ ಎಸ್‌ಎಸ್‌ಡಿ ವ್ಯತ್ಯಾಸ ಇನ್ನೂ ಜಾಸ್ತಿ. ಆದ್ದರಿಂದ ದುಡ್ಡು ಹಾಕೋದಾದ್ರೆ ಚಿಕ್ಕ 120 ಅಥವಾ 240 ಜಿಬಿಯ ಸಾಟಾ ಎಸ್‌ಎಸ್‌ಡಿಗೆ ಹಾಕಿ, ಮಿಕ್ಕರೆ ಬೋರ್ಡ್ ಒಪ್ಪುವ ರ‍್ಯಾಮ್‌ಗೆ. ಪೆನ್ ಡ್ರೈವ್‌ಗೆ ಕೊನೇ ಸರದಿ.

ಯಾವ ಪೋರ್ಟ್‌ನಲ್ಲೂ 480M ಬರಲೇ ಇಲ್ಲ, ಬಯೋಸ್‌ನಲ್ಲೂ ದಾರಿ ಇಲ್ಲ ಅಂದ್ರೆ ಪೋರ್ಟ್ ಜೊತೆ ಜಗಳ ಬಿಡಿ. ಡಿಸ್ಕ್ ಬಿಚ್ಚಿ ಇನ್ನೊಂದು ಡೆಸ್ಕ್‌ಟಾಪಿಗೆ ಸಿಕ್ಕಿಸಿ ಅಲ್ಲಿ ಇನ್‌ಸ್ಟಾಲ್ ಮಾಡಿ ವಾಪಸ್ ತನ್ನಿ. ಡ್ರೈವರ್‌ಗಳು ಕರ್ನಲ್ ಜೊತೆಗೇ ಬರೋದ್ರಿಂದ ಲಿನಕ್ಸ್ ಇದಕ್ಕೆ ತಕರಾರು ಮಾಡಲ್ಲ. ಎರಡು ಎಚ್ಚರಿಕೆ ಇವೆ. ಆ ಕಂಪ್ಯೂಟರಿನ ಸ್ವಂತ ಡಿಸ್ಕ್‌ಗಳ ಕೇಬಲ್ ತೆಗೆದಿಡಿ, ಅವಸರದಲ್ಲಿ ತಪ್ಪು ಡಿಸ್ಕ್ ಅಳಿಸಿಬಿಟ್ಟರೆ ಕಷ್ಟ. ಇನ್ನೊಂದು, ಅಲ್ಲಿ ಪೆನ್ ಡ್ರೈವನ್ನ ಯುಇಎಫ್‌ಐ ಅಲ್ಲದೆ ಲೆಗಸಿ ಮೋಡಿನಲ್ಲಿ ಬೂಟ್ ಮಾಡಿ. ಇಲ್ಲದಿದ್ರೆ ಅಲ್ಲಿ ಚೆನ್ನಾಗಿ ಓಡಿದ್ದು ನಿಮ್ಮ ಜಿ31ಗೆ ಬಂದ ಮೇಲೆ ಬೂಟ್ ಆಗಲ್ಲ.